ಬಾಟ್ ತಡೆಯೋ ಸರ್ವಿಸ್ ಎರಡು ವರ್ಷ ಬಳಸಿದ ಮೇಲೆ (5ಕ್ಕೆ 3.5)

ನಮ್ದು ಬೈಕ್ ಸ್ಪೇರ್ ಪಾರ್ಟ್ಸ್ ಸೈಟು, ಹತ್ತತ್ರ 12,000 ಐಟಂ ಇದೆ. ಯಾರೋ ದಿನಾ ರಾತ್ರಿ ಅಷ್ಟೂ ರೇಟ್ ಎತ್ಕೊಂಡು ಹೋಗ್ತಿದ್ರು, ಅದನ್ನ ನಿಲ್ಸೋಕೆ ಈ ಸರ್ವಿಸ್ ತಗೊಂಡಿದ್ದು.

ಮೊದಲನೇ ವರ್ಷ ದುಡ್ಡು ದಂಡ ಅಂತಾನೇ ಹೇಳ್ತೀನಿ. ಒಂದು ಐಪಿಯಿಂದ ನಿಮಿಷಕ್ಕೆ 60ಕ್ಕಿಂತ ಜಾಸ್ತಿ ರಿಕ್ವೆಸ್ಟ್ ಬಂದ್ರೆ ಬ್ಲಾಕ್ ಅನ್ನೋ ರೂಲ್ ಹಾಕ್ಕೊಟ್ಟಿದ್ರು, ಆದ್ರೆ ಆ ಸ್ಕ್ರೇಪರ್ ರೊಟೇಟಿಂಗ್ ಪ್ರಾಕ್ಸಿ ಇಟ್ಕೊಂಡಿದ್ದ, ಯಾರ್ಯಾರದೋ ಮನೆ ಬ್ರಾಡ್‌ಬ್ಯಾಂಡ್ ಐಪಿಗಳು, ಒಂದೊಂದು ಇಡೀ ರಾತ್ರಿಗೆ ಎರಡೋ ಮೂರೋ ಸಲ ಕಾಣ್ಸುತ್ತೆ ಅಷ್ಟೇ, ಇನ್ನು 60 ಎಲ್ಲಿ ದಾಟುತ್ತೆ. ಸಿಕ್ಕಾಕ್ಕೊಂಡಿದ್ದು ನಮ್ಮ ಗಿರಾಕಿಗಳು! ಮೊಬೈಲ್ ಡೇಟಾದಲ್ಲಿ ಎಷ್ಟೋ ಫೋನಿಗೆ ಹೊರಗಡೆ ಒಂದೇ ಐಪಿ ಕಾಣೋದು, ಗ್ಯಾರೇಜಿನವ್ರು ಫೋನ್ ಮಾಡಿ "ಏನ್ರೀ, ನಿಮ್ ಸೈಟು ಓಪನ್ನೇ ಆಗ್ತಿಲ್ಲ" ಅಂದ್ಮೇಲೇ ನಮಗೆ ಗೊತ್ತಾಗಿದ್ದು.

ಆಮೇಲೆ ಲಾಗಲ್ಲಿ JA3 ಅಂತ ಒಂದು ಕಾಲಂ ಕೊಟ್ರು, ಆಟ ಬದಲಾಗಿದ್ದು ಅಲ್ಲಿಂದ. ಎಚ್‌ಟಿಟಿಪಿಎಸ್ ಕನೆಕ್ಷನ್ ಶುರುವಾಗುವಾಗ ಬ್ರೌಸರ್ ತನಗೆ ಯಾವ್ಯಾವ ಎನ್‌ಕ್ರಿಪ್ಷನ್ ಗೊತ್ತು, ಯಾವ ಎಕ್ಸ್‌ಟೆನ್ಷನ್ ಇದೆ ಅಂತ ಒಂದು ಪಟ್ಟಿ ಕಳ್ಸುತ್ತೆ, ಆ ಪಟ್ಟಿಯ ಹ್ಯಾಶ್ ಇದು, ಅಂದ್ರೆ ಪಟ್ಟಿಯಿಂದ ಲೆಕ್ಕ ಹಾಕಿದ ಒಂದು ಚಿಕ್ಕ ಗುರುತು. ಮಾಮೂಲಿ ಪ್ರಾಕ್ಸಿ ಐಪಿ ಬದಲಾಯಿಸುತ್ತೆ, ಈ ಪಟ್ಟೀನ ಮುಟ್ಟಲ್ಲ. ಒಂದು ರಾತ್ರಿ ತೆಗೆದು ನೋಡಿದ್ರೆ ಸುಮಾರು 5,000 ಐಪಿ, ಎಲ್ಲಾದಕ್ಕೂ ಒಂದೇ JA3, ಎಲ್ಲಾನೂ ನಾನು ಹೊಸ ಕ್ರೋಮ್ ಅಂತಿವೆ. ಅಲ್ಲೇ ಸುಳ್ಳು ಗೊತ್ತಾಗೋದು. ಯಾಕಂದ್ರೆ 2023ರಿಂದ ಕ್ರೋಮ್ ಆ ಎಕ್ಸ್‌ಟೆನ್ಷನ್‌ಗಳನ್ನ ಪ್ರತಿ ಸಲ ಕಲಸಿ ಕಳ್ಸುತ್ತೆ, ನಿಜವಾದ ಕ್ರೋಮ್ ಆಗಿದ್ರೆ JA3 ಒಂದೇ ಥರ ಇರೋಕೆ ಸಾಧ್ಯಾನೇ ಇಲ್ಲ. ಈಗ JA4 ನೋಡ್ತಾರೆ, ಅದು ಪಟ್ಟೀನ ಮೊದಲು ಸಾರ್ಟ್ ಮಾಡ್ಕೊಳ್ಳುತ್ತೆ, ಹಂಗಾಗಿ ಎಷ್ಟು ಕಲಸಿದ್ರೂ ಅಸಲಿ ಕ್ರೋಮ್ ಗುರುತು ಸಿಗುತ್ತೆ. ಹೆಸರು ಕ್ರೋಮ್, JA4 ಬೇರೆ ಅಂದ್ರೆ ಬಾಟಾ ಅಲ್ವಾ ಅಂತ ಪರೀಕ್ಷೆ ಮಾಡೋ ಚಾಲೆಂಜ್ ಪೇಜ್. ಗಲಾಟೆ ಎರಡೇ ದಿನಕ್ಕೆ ನಿಂತಿತು.

ಮೂರು ತಿಂಗಳಿಗೆ ವಾಪಸ್ ಬಂದ, ಈ ಸಲ ನಿಜವಾದ ಕ್ರೋಮನ್ನೇ ಸ್ಕ್ರಿಪ್ಟಲ್ಲಿ ಓಡಿಸ್ಕೊಂಡು. ಫಿಂಗರ್‌ಪ್ರಿಂಟ್ ಪೂರ್ತಿ ಸರಿ ಇತ್ತು. ಉಳಿದ ಸುಳಿವು ನಡವಳಿಕೆ ಒಂದೇ: ಐಪಿ ಬೇರೆ ಬೇರೆ ಆದ್ರೂ ಐಟಂ ನಂಬರ್ ಮಾತ್ರ 4101, 4102, 4103 ಅಂತ ಸಾಲಾಗಿ ಬರ್ತಿತ್ತು, ಯಾರೂ ಸರ್ಚ್ ಮಾಡಲ್ಲ, ಎರಡನೇ ಪೇಜ್ ನೋಡಲ್ಲ. ಆ ಸಾಲಿನ ಮೇಲೇ ರೂಲ್ ಬರೆಸ್ದೆ. ಪೂರ್ತಿ ನಿಂತಿಲ್ಲ, ದಿನಾ ಬರ್ತಿದ್ದವನು ವಾರಕ್ಕೊಂದ್ಸಲ ಬರ್ತಾನೆ. ಮನೆ ಐಪಿ ಪ್ರಾಕ್ಸಿಗೆ ಸಾಮಾನ್ಯವಾಗಿ ಜಿಬಿ ಲೆಕ್ಕದಲ್ಲಿ ದುಡ್ಡು, ಬ್ರೌಸರ್ ಓಡಿಸಿದ್ರೆ ಸ್ಕ್ರಿಪ್ಟು ಫೋಟೋ ಎಲ್ಲಾ ಇಳಿಯುತ್ತಲ್ಲ, ಖರ್ಚು ಕಚ್ಚಿರಬೇಕು.

ಸ್ಟಾರ್ ಕಟ್ ಮಾಡಿದ್ದು ಆ ಮೊದಲ ವರ್ಷಕ್ಕೆ, ಜೊತೆಗೆ ಲಾಗ್ ಏಳೇ ದಿನ ಇಟ್ಕೊಳ್ತಾರೆ ಅನ್ನೋದಕ್ಕೆ. ತಗೊಳ್ಳೋರು ಒಂದು ವಾರ ಬರೀ ಲಾಗ್ ಮೋಡಲ್ಲಿ ಓಡಿಸಿ ಆಮೇಲೆ ಬ್ಲಾಕ್ ಆನ್ ಮಾಡಿ, ನಮ್ಮ ಸ್ಟಾಕ್ ಅಪ್‌ಡೇಟ್ ಮಾಡೋ ಪೈಥಾನ್ ಸ್ಕ್ರಿಪ್ಟೇ ಮೊದಲನೇ ದಿನ ಬ್ಲಾಕ್ ಆಗಿತ್ತು.