ಸ್ಟಾಕ್ ಕೊರತೆಯ ಹಾಳೆಗೆ ಸಹಿ ಹಾಕುವ ಮೊದಲು ಲಾರಿ ಯಾವಾಗ ಬಂತೆಂದು ನೋಡಿ

ಗೋದಾಮು, ಸೂಪರ್ ಮಾರ್ಕೆಟ್, ಔಷಧ ಏಜೆನ್ಸಿಗಳಲ್ಲಿ ಕೆಲಸ ಮಾಡುವವರು ಇದನ್ನು ಮಾರ್ಚ್ ಬರುವ ಮೊದಲೇ ಓದಿಕೊಳ್ಳುವುದು ಒಳ್ಳೆಯದು. ವರ್ಷದ ಕೊನೆಯ ಎಣಿಕೆಯಲ್ಲಿ ಸರಕು ಕಡಿಮೆ ಬಿತ್ತೆಂದು ಹೇಳಿ ನಮ್ಮ ಎಂಟು ಜನರ ಸಂಬಳಕ್ಕೆ ಕತ್ತರಿ ಹಾಕಿದರು. ಕಡಿಮೆ ಬಿದ್ದಿದೆ ಎಂದ ಸರಕಿನಲ್ಲಿ ಬಹುಪಾಲು ಎಲ್ಲಿಗೂ ಹೋಗಿರಲಿಲ್ಲ.

ದಾವಣಗೆರೆಯಲ್ಲಿ ದಿನಬಳಕೆ ಸಾಮಾನುಗಳ ವಿತರಕರೊಬ್ಬರ ಬಳಿ ನಾನು ಸ್ಟೋರ್‌ಕೀಪರ್ ಆಗಿದ್ದೆ. ಬಿಸ್ಕತ್ತು, ಚಹಾಪುಡಿ, ಸೋಪು, ಶಾಂಪೂ, ಬ್ಲೇಡು ಇಂಥ ಸರಕು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಮಾರ್ಚ್ 31ರ ಸಂಜೆ ಏಳಕ್ಕೆ ಎಣಿಕೆ ಶುರುವಾಯಿತು. ಅದೇ ಹೊತ್ತಿಗೆ ಒಂದು ಕಡೆ ಮರುದಿನದ ವ್ಯಾನಿಗೆ ಮಾಲು ತುಂಬುತ್ತಿದ್ದರು, ಇನ್ನೊಂದು ಕಡೆ ಬಿಲ್ಲಿಂಗ್ ನಡೆಯುತ್ತಿತ್ತು. ಎಣಿಕೆಯ ಹೊತ್ತಿನಲ್ಲಿ ಸರಕಿನ ಓಡಾಟ ನಿಲ್ಲಬೇಕು, ಕೊನೆಯ ಬಿಲ್ಲಿನ ನಂಬರು ಮತ್ತು ಕೊನೆಯ ಒಳಬರುವ ಲಾರಿಯ ವಿವರ ಬರೆದಿಟ್ಟುಕೊಳ್ಳಬೇಕು ಎಂಬ ಮೊದಲ ಪಾಠವೇ ಅಲ್ಲಿ ತಪ್ಪಿತ್ತು. ಮಾಲೀಕರ ಸಂಬಂಧಿಕರಾದ ಇಬ್ಬರು ಹುಡುಗರು ಕಂಪ್ಯೂಟರಿನಿಂದ ತೆಗೆದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಎಣಿಸಿದರು. ಪಟ್ಟಿಯ ಲೆಕ್ಕ ಹೊಂದಿದರೆ ಟಿಕ್ಕು, ಹೊಂದದಿದ್ದರೆ ಕೊರತೆ. ಎರಡನೇ ಸಲ ಎಣಿಸುವುದು ಅವರ ಯೋಚನೆಯಲ್ಲೇ ಇರಲಿಲ್ಲ.

ಏಪ್ರಿಲ್ ಮೊದಲ ವಾರ ಮಾಲೀಕರು ಎಲ್ಲರನ್ನೂ ಕರೆದರು. ಕೊರತೆ 1,86,400 ರೂಪಾಯಿ. ನಾವು ಎಂಟು ಜನ, ತಲೆಗೆ 23,300. ತಿಂಗಳಿಗೆ 2,330ರಂತೆ ಹತ್ತು ತಿಂಗಳು ಹಿಡಿಯುವುದಾಗಿ ತೀರ್ಮಾನ. "ನೋಡ್ರಪ್ಪ, ಪೊಲೀಸು ಗಿಲೀಸು ಅಂತ ಹೋಗುವುದು ನನಗೆ ಇಷ್ಟವಿಲ್ಲ. ಸಹಿ ಹಾಕಿ, ಮುಗಿಸಿಬಿಡೋಣ" ಎಂದರು. ಮೊದಲೇ ಟೈಪ್ ಮಾಡಿಸಿದ್ದ ಕಾಗದದಲ್ಲಿ ಒಂದೇ ವಾಕ್ಯವಿತ್ತು: ನನ್ನ ನಿರ್ಲಕ್ಷ್ಯದಿಂದ ಈ ಕೊರತೆ ಉಂಟಾಗಿದ್ದು, ಅದನ್ನು ಭರಿಸಲು ಒಪ್ಪಿದ್ದೇನೆ.

ನಾನು ಎಣಿಕೆಯ ಹಾಳೆಗೆ ಮಾತ್ರ ಸಹಿ ಹಾಕಿದೆ. ಸಹಿಯ ಕೆಳಗೆ "ಎಣಿಕೆಯ ವೇಳೆ ಹಾಜರಿದ್ದೆ, ಕೊರತೆಯ ಕಾರಣ ಪರಿಶೀಲನೆ ಆಗಬೇಕು" ಎಂದು ಬರೆದೆ. ಆ ಒಂದು ಸಾಲು ಮುಂದೆ ನನ್ನನ್ನು ಉಳಿಸಿತು. ಗೋದಾಮಿನ ಹುಡುಗರು ಹೆದರಿ ಎರಡಕ್ಕೂ ಸಹಿ ಹಾಕಿದರು. ಒಬ್ಬನಿಂದ ಖಾಲಿ ಚೆಕ್ಕನ್ನೂ ಬರೆಸಿಕೊಂಡರು. ಸಹಿ ಮಾಡಿದ ಖಾಲಿ ಚೆಕ್ ಕೊಡುವುದು ಎಲ್ಲಕ್ಕಿಂತ ಅಪಾಯ. ಅದು ಬೌನ್ಸ್ ಆಗಿ ಮೊಕದ್ದಮೆ ಹೂಡಿದರೆ, ಆ ಹಣ ಬಾಕಿ ಇರಲಿಲ್ಲ ಎಂದು ತೋರಿಸುವ ಭಾರ ಕೊಟ್ಟವನ ಮೇಲೆಯೇ ಬೀಳುತ್ತದೆ.

ಆಮೇಲೆ ಲೆಕ್ಕ ಬರೆಯುವ ಮೇಡಂ ಸಹಾಯದಿಂದ, ಪಟ್ಟಿಯಲ್ಲಿ ದೊಡ್ಡದಾಗಿ ಕಾಣುತ್ತಿದ್ದ ಸರಕುಗಳ ಖಾತೆಯನ್ನು ಒಂದೊಂದಾಗಿ ತೆಗೆದು ನೋಡಿದೆ.

ಮೊದಲಿಗೆ ಬಿಸ್ಕತ್ತು. 48 ಕೇಸು ಕೊರತೆ, ಕೇಸಿಗೆ 1,200ರಂತೆ 57,600 ರೂಪಾಯಿ. ತಿಂಗಳ ಕೊನೆಯಲ್ಲಿ ಟಾರ್ಗೆಟ್ ಮುಟ್ಟಿಸಲು ಕಂಪನಿಯ ಡಿಪೋದವರು 31ನೇ ತಾರೀಖಿಗೇ ಬಿಲ್ಲು ಹರಿಯುತ್ತಾರೆಂಬುದು ಈ ಧಂದೆಯಲ್ಲಿ ಎಲ್ಲರಿಗೂ ಗೊತ್ತು. ಬಿಲ್ಲು ಅಂದೇ ಮೇಲ್‌ನಲ್ಲಿ ಬಂದಿತ್ತು, ಖರೀದಿಯ ಎಂಟ್ರಿ ಅಂದೇ ಆಗಿತ್ತು. ಲಾರಿ ಗೇಟಿಗೆ ಬಂದದ್ದು ಏಪ್ರಿಲ್ 2ರಂದು. ಕಾಗದದಲ್ಲಿ ಒಳಗಿದ್ದ ಮಾಲು ಎಣಿಕೆಯ ರಾತ್ರಿ ಹೆದ್ದಾರಿಯಲ್ಲಿತ್ತು. ಗೇಟಿನ ರಿಜಿಸ್ಟರಿನಲ್ಲಿ ಲಾರಿಯ ನಂಬರು, ಸಮಯ, ಚಾಲಕನ ಸಹಿ ಎಲ್ಲ ಇತ್ತು. ಯಾರೂ ತೆರೆದು ನೋಡಿರಲಿಲ್ಲ.

ಎರಡನೆಯದು ಚಹಾಪುಡಿ, 64,800 ರೂಪಾಯಿ. ಪಟ್ಟಿಯಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಮೊತ್ತ, ಹುಡುಗರನ್ನು ಕಳ್ಳರೆಂದು ಕರೆಯಲು ಕಾರಣವಾದದ್ದೂ ಇದೇ. ಕಾಲು ಕಿಲೋ ಪ್ಯಾಕೆಟ್ಟಿನ ಬೆಲೆ 115ರಿಂದ 120ಕ್ಕೆ ಏರಿದಾಗ ಕಂಪ್ಯೂಟರಿನಲ್ಲಿ ಎರಡು ಬೆಲೆಗೆ ಎರಡು ಕೋಡ್ ಆಗಿತ್ತು. ಬಿಲ್ಲು ಹಾಕುವಾಗ ಸಾಫ್ಟ್‌ವೇರ್ ತಾನಾಗಿಯೇ ಹಳೆಯ ಸ್ಟಾಕನ್ನು ಮೊದಲು ಆರಿಸುತ್ತದೆ. ಗೋದಾಮಿನಲ್ಲಿ ಹುಡುಗರು ಎತ್ತುವುದು ಕೈಗೆ ಮೊದಲು ಸಿಗುವ ಸಾಲನ್ನು, ಅಂದರೆ ಹೊಸದಾಗಿ ಬಂದು ಮುಂದೆ ಜೋಡಿಸಿದ್ದನ್ನು. ಬಿಲ್ಲು ಹಳೆಯದರ ಹೆಸರಿಗೆ, ಹೋದದ್ದು ಹೊಸದು. ವರ್ಷದ ಕೊನೆಗೆ ಹೊಸ ಕೋಡಿನಲ್ಲಿ 540 ಪ್ಯಾಕೆಟ್ ಕೊರತೆ, ಹಳೆಯ ಕೋಡಿನಲ್ಲಿ ಸರಿಯಾಗಿ 540 ಪ್ಯಾಕೆಟ್ ಹೆಚ್ಚು. ಹೆಚ್ಚು ಬಂದ ಸರಕಿನ ಪಟ್ಟಿ ಬೇರೆ ಫೈಲಿನಲ್ಲಿ ಬೆಚ್ಚಗೆ ಕುಳಿತಿತ್ತು. ನಮಗೆ ತೋರಿಸಿದ್ದು ಕೊರತೆಯ ಪಟ್ಟಿ ಮಾತ್ರ.

ಇದನ್ನು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಕೊರತೆಯ ಪಟ್ಟಿ ಯಾರಾದರೂ ಮುಂದಿಟ್ಟರೆ ಮೊದಲು ಕೇಳಬೇಕಾದದ್ದು ಹೆಚ್ಚುವರಿ ಪಟ್ಟಿಯನ್ನು. ಒಂದೇ ಸರಕು ಬೇರೆ ಬೆಲೆ, ಬೇರೆ ಬಣ್ಣ, ಬೇರೆ ಅಳತೆಯಲ್ಲಿ ಹೆಚ್ಚು ಬಿದ್ದಿದ್ದರೆ, ಅದರಲ್ಲೂ ಸಂಖ್ಯೆ ಹೆಚ್ಚುಕಡಿಮೆ ಒಂದೇ ಆಗಿದ್ದರೆ, ಅದು ಕೋಡಿನ ಗೊಂದಲ. ಹಾಗೆಂದು ಯಾವುದೋ ಸೋಪಿನ ಹೆಚ್ಚಳವನ್ನು ತಂದು ಇನ್ನಾವುದೋ ಬ್ಲೇಡಿನ ಕೊರತೆಗೆ ವಜಾ ಮಾಡಿ ಎಂದು ಕೇಳುವುದೂ ತಪ್ಪೇ. ಕಳ್ಳತನ ಮುಚ್ಚಿಹೋಗುವುದು ಹಾಗೆಯೇ.

ಉಳಿದವು ಸಣ್ಣವು. ಬಟ್ಟೆ ಸೋಪಿನ ಕೇಸಿನಲ್ಲಿ ಮೊದಲು 60 ಬಾರ್ ಬರುತ್ತಿತ್ತು, ಕಂಪನಿ ಅದನ್ನು 48ಕ್ಕೆ ಇಳಿಸಿತ್ತು. ಕಂಪ್ಯೂಟರಿನಲ್ಲಿ 60 ಎಂದೇ ಉಳಿದಿತ್ತು. 110 ಕೇಸಿಗೆ 12ರಂತೆ 1,320 ಬಾರು, ಹತ್ತು ರೂಪಾಯಿಯಂತೆ 13,200. ಆ ಬಾರುಗಳು ಗೋದಾಮಿಗೆ ಬಂದೇ ಇರಲಿಲ್ಲ. ಇನ್ನು ಅವಧಿ ಮುಗಿದ ಮತ್ತು ಒಡೆದ ಮಾಲು 22,400 ರೂಪಾಯಿಯದು. ಕಂಪನಿಯವರು ಫೆಬ್ರವರಿಯಲ್ಲೇ ಒಯ್ದಿದ್ದರು. ಕ್ರೆಡಿಟ್ ನೋಟು ಬಂದಿಲ್ಲವೆಂದು ಕಂಪ್ಯೂಟರಿನಿಂದ ತೆಗೆದಿರಲಿಲ್ಲ.

ಇಷ್ಟನ್ನೂ ಕಳೆದರೆ ಉಳಿಯುವುದು 28,400. ಅದೂ ಎಂಆರ್‌ಪಿ ಲೆಕ್ಕದಲ್ಲಿ. ಖರೀದಿ ಬೆಲೆಗೆ ಇಳಿಸಿದಾಗ ಸುಮಾರು 23,500 ಬಂತು. ನಷ್ಟವೆಂದರೆ ಮಾಲೀಕರ ಕೈಯಿಂದ ಹೋದ ಹಣ. ಅಂಗಡಿಯವನಿಗೆ ಸಿಗಬೇಕಾದ ಲಾಭವನ್ನೂ ಸೇರಿಸಿ ಗೋದಾಮಿನ ಹುಡುಗನಿಂದ ಕೀಳುವುದು ನಷ್ಟ ಭರ್ತಿಯಲ್ಲ, ವ್ಯಾಪಾರ. ಈ ಉಳಿದ ಕೊರತೆ ಮಾತ್ರ ನಿಜವಾದದ್ದು. ಬ್ಲೇಡು, ಶಾಂಪೂ ಸ್ಯಾಶೆ, ಸೆಂಟು ಎಲ್ಲ ಜೇಬಿನಲ್ಲಿ ಹಿಡಿಯುವ ವಸ್ತುಗಳು. ಯಾರೋ ಕದ್ದಿದ್ದಾರೆಂದೇ ನನ್ನ ಅನುಮಾನ. ಆದರೆ ಆ ಕಪಾಟಿಗೆ ಬೀಗವಿರಲಿಲ್ಲ. ಸೇಲ್ಸ್‌ನವರು, ವ್ಯಾನಿನವರು, ಮಾಲೀಕರ ಮನೆಯವರು ಎಲ್ಲರೂ ಕೈ ಹಾಕುತ್ತಿದ್ದರು.

ಕಾನೂನಿನ ಮಾತು ಇಲ್ಲಿಯೇ ಬರುತ್ತದೆ. ಆಗ ಜಾರಿಯಲ್ಲಿದ್ದದ್ದು 1936ರ ವೇತನ ಪಾವತಿ ಕಾಯ್ದೆ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ. ಈ ವಿಷಯದಲ್ಲಿ ನಿಯಮದ ತಿರುಳು ಬದಲಾಗಿಲ್ಲ. ಸರಕು ಕಳೆದುದಕ್ಕೆ ಸಂಬಳದಲ್ಲಿ ಹಿಡಿಯಬೇಕಾದರೆ, ಆ ಸರಕನ್ನು ಆ ವ್ಯಕ್ತಿಯ ಸುಪರ್ದಿಗೆ ಸ್ಪಷ್ಟವಾಗಿ ಒಪ್ಪಿಸಿರಬೇಕು. ನಷ್ಟ ನೇರವಾಗಿ ಅವನ ನಿರ್ಲಕ್ಷ್ಯ ಅಥವಾ ತಪ್ಪಿನಿಂದ ಆಗಿರಬೇಕು. ಹಿಡಿಯುವ ಮೊತ್ತ ನಷ್ಟವನ್ನು ಮೀರಬಾರದು. ಹಿಡಿಯುವ ಮೊದಲು ಉತ್ತರ ಹೇಳಲು ಅವಕಾಶ ಕೊಡಬೇಕು. ಕೀಲಿಕೈಯನ್ನೇ ಮುಟ್ಟದ ಹುಡುಗನ ಮೇಲೆ ಎಂಟನೇ ಒಂದು ಪಾಲು ಹೇರುವುದಕ್ಕೆ ಇದರಲ್ಲಿ ಜಾಗವಿಲ್ಲ. ಟೈಪ್ ಮಾಡಿಸಿದ ಆ ಕಾಗದದಲ್ಲಿ "ನಿರ್ಲಕ್ಷ್ಯ" ಎಂಬ ಪದ ಸುಮ್ಮನೆ ಬಂದಿರಲಿಲ್ಲ ಎಂಬುದು ನನಗೆ ಹೊಳೆದದ್ದು ಇದನ್ನು ಓದಿದ ಮೇಲೆ.

ಪೊಲೀಸರ ಹೆದರಿಕೆಯೂ ಹಾಗೆಯೇ. ನೌಕರನ ನಂಬಿಕೆ ದ್ರೋಹ ಭಾರತೀಯ ನ್ಯಾಯ ಸಂಹಿತೆಯಲ್ಲಿ ಗಂಭೀರ ಅಪರಾಧ, ನಿಜ. ಆದರೆ ಅದಕ್ಕೆ ಅಪ್ರಾಮಾಣಿಕವಾಗಿ ದುರ್ಬಳಕೆ ಮಾಡಿಕೊಂಡದ್ದು ರುಜುವಾಗಬೇಕು. ಎಣಿಕೆಯಲ್ಲಿ ಕಡಿಮೆ ಬಿತ್ತು ಎಂಬುದಷ್ಟೇ ಅದಕ್ಕೆ ಸಾಲದು.

ನಾನು ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಲಾರಿಯ ಗೇಟ್ ಎಂಟ್ರಿ ಮತ್ತು ಚಹಾದ ಎರಡು ಕೋಡಿನ ಖಾತೆಯ ಪ್ರತಿ ಲಗತ್ತಿಸಿ ಕೊಟ್ಟೆ, ಸ್ವೀಕೃತಿಯ ಸಹಿ ಪಡೆದೆ. ಮಾಲೀಕರ ಉತ್ತರ: "ನಷ್ಟಕ್ಕೆ ಬರೆದುಹಾಕಿದರೆ ಜಿಎಸ್‌ಟಿ ವಾಪಸ್ ಕಟ್ಟಬೇಕಪ್ಪ, ಅದಕ್ಕೇ ನಿಮ್ಮ ಹತ್ತಿರ ಕೇಳುತ್ತಿರುವುದು." ಅರ್ಧ ಸತ್ಯ. ಕಳೆದುಹೋದ, ಕಳುವಾದ, ಬರೆದುಹಾಕಿದ ಸರಕಿನ ಮೇಲೆ ಪಡೆದ ತೆರಿಗೆ ಜಮೆಯನ್ನು ಹಿಂತಿರುಗಿಸಬೇಕು, ಅದು ಜಿಎಸ್‌ಟಿ ಕಾಯ್ದೆಯ 17(5)ನೇ ಸೆಕ್ಷನ್‌ನಲ್ಲಿದೆ. ಆದರೆ ಸಿಬ್ಬಂದಿಯಿಂದ ಹಣ ಹಿಡಿದ ಮಾತ್ರಕ್ಕೆ ಕಳೆದ ಸರಕು ಮಾರಾಟವಾದಂತಾಗುವುದಿಲ್ಲ. ಅಲ್ಲದೆ ಅವರು ಬರೆದುಹಾಕಿಯೇ ಇರಲಿಲ್ಲ. ಟ್ಯಾಲಿಯಲ್ಲಿ ಫಿಸಿಕಲ್ ಸ್ಟಾಕ್ ವೋಚರ್ ಹಾಕಿ ಸಂಖ್ಯೆಯನ್ನು ಎಣಿಕೆಗೆ ಸರಿಮಾಡಿದ್ದರು. ಅದರಲ್ಲಿ ನಷ್ಟದ ಖಾತೆ ಬೇರೆಯಾಗಿ ಕಾಣುವುದಿಲ್ಲ. ಕೊನೆಯ ಸ್ಟಾಕಿನ ಬೆಲೆ ಇಳಿದು ಲಾಭ ಅಷ್ಟು ಕಡಿಮೆ ತೋರುತ್ತದೆ, ಅಷ್ಟೆ.

ನನ್ನ ಸಂಬಳದಲ್ಲಿ ಹಿಡಿಯುವುದನ್ನು ಸದ್ದಿಲ್ಲದೆ ನಿಲ್ಲಿಸಿದರು. ಹುಡುಗರದ್ದು ಮುಂದುವರಿಯಿತು. ಅವರ ಸಂಬಳದ ಚೀಟಿಯಲ್ಲಿ ಅದು "ಮುಂಗಡ ವಸೂಲಿ" ಎಂದು ಬರುತ್ತಿತ್ತು, ಯಾರೂ ಒಂದು ಪೈಸೆ ಮುಂಗಡ ಪಡೆದಿರಲಿಲ್ಲ. ಮುಂಗಡ ವಾಪಸ್ ಹಿಡಿಯಲು ವಿಚಾರಣೆ ಬೇಡವಲ್ಲ, ಅದಕ್ಕೆ ಈ ಉಪಾಯ. ನಿಮ್ಮ ಚೀಟಿಯಲ್ಲಿ ಇಂಥ ಸಾಲು ಕಂಡರೆ ಅಂದೇ ಬರಹದಲ್ಲಿ ಆಕ್ಷೇಪಿಸಿ. ಅಕ್ರಮ ಕಡಿತದ ವಿರುದ್ಧ ದೂರು ಕೊಡಲು ಹಳೆಯ ಕಾಯ್ದೆಯಲ್ಲಿ ಹನ್ನೆರಡು ತಿಂಗಳ ಗಡುವಿತ್ತು, ಹೊಸ ಸಂಹಿತೆಯಲ್ಲಿ ಮೂರು ವರ್ಷ. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು.

ಏಪ್ರಿಲ್‌ನಲ್ಲಿ ಆ 48 ಕೇಸು ಬಿಸ್ಕತ್ತು ಮಾರಾಟವಾಗುತ್ತಾ ಹೋದಂತೆ ಕಂಪ್ಯೂಟರ್ ನೆಗೆಟಿವ್ ಸ್ಟಾಕ್ ತೋರಿಸತೊಡಗಿತು, ಅದರ ಪ್ರಕಾರ ಅವು ಇರಲೇ ಇಲ್ಲವಲ್ಲ. ಎಣಿಕೆಯ ನಂತರದ ವಾರಗಳಲ್ಲಿ ಹೀಗೆ ನೆಗೆಟಿವ್ ಆಗುವ ಸರಕುಗಳ ಪಟ್ಟಿ ತೆಗೆಸಿ, ಕೊರತೆಯ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಎರಡರಲ್ಲೂ ಇರುವ ಹೆಸರುಗಳು ಕಳೆದುಹೋದವಲ್ಲ. ಜೂನ್‌ನಲ್ಲಿ ಕಂಪನಿಯಿಂದ ಒಡೆದ ಮಾಲಿನ ಕ್ರೆಡಿಟ್ ನೋಟೂ ಬಂತು. ಒಂದೇ ಮಾಲಿಗೆ ಮಾಲೀಕರಿಗೆ ಎರಡು ಕಡೆಯಿಂದ ಹಣ: ಕಂಪನಿಯಿಂದ ಒಮ್ಮೆ, ಹುಡುಗರ ಸಂಬಳದಿಂದ ಇನ್ನೊಮ್ಮೆ. ಹುಡುಗರಿಗೆ ವಾಪಸ್ ಕೊಡಿ ಎಂದು ಕೇಳಿದಾಗ "ಅದು ಹೋದ ವರ್ಷದ ಲೆಕ್ಕ, ಮುಗಿದಿದೆ" ಎಂದರು. ನಾನು ಕೆಲಸ ಬಿಟ್ಟೆ. ಹುಡುಗರಲ್ಲಿ ಇಬ್ಬರು ಕೊನೆಯ ತಿಂಗಳ ಸಂಬಳವನ್ನೂ ಬಿಟ್ಟು ಹೋದರು, ಚೆಕ್ ಕೊಟ್ಟವನು ಮಾತ್ರ ಇನ್ನೂ ಅಲ್ಲಿಯೇ ಇದ್ದಾನೆ.