ಮೆಸೇಜ್ ನೋಡಿ ಪೆನ್ಷನ್ ಬಂತು ಅಂದುಕೊಂಡ ಅಪ್ಪ ಕಳೆದುಕೊಂಡ 13,500 ರೂಪಾಯಿ

ನಮ್ಮ ಅಪ್ಪ ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಭವಿಷ್ಯ ನಿಧಿಯಿಂದ ತಿಂಗಳಿಗೆ 2,160 ರೂಪಾಯಿ ಪೆನ್ಷನ್ ಬರುತ್ತದೆ. ಅಮ್ಮ ತೀರಿಕೊಂಡ ಮೇಲೂ ಅವರು ಶಹಾಬಾದಿನ ಹಳೇ ಮನೆ ಬಿಟ್ಟು ಬರಲಿಲ್ಲ. ನಾನಿರುವುದು ಕಲಬುರಗಿಯಲ್ಲಿ. ಅವರ ಫೋನಿನಲ್ಲಿ ಯುಪಿಐ ಹಾಕಿಕೊಟ್ಟವನು ನಾನೇ. ಹಾಲು, ತರಕಾರಿಗೆ ಅನುಕೂಲ ಆಗಲಿ ಅಂತ. ಪಾಸ್‌ಬುಕ್ ಓದುವುದನ್ನು ಮಾತ್ರ ಹೇಳಿಕೊಟ್ಟಿರಲಿಲ್ಲ. ಅದು ನನ್ನ ತಪ್ಪು.

ಕಳೆದ ವರ್ಷ, ಅಂದರೆ 2025ರ ಸೆಪ್ಟೆಂಬರ್ 9ರಂದು, ಬೆಳಿಗ್ಗೆ ಅವರ ಫೋನಿಗೆ ಒಂದು ಮೆಸೇಜ್ ಬಂತು.

```
Dear Customer your A/c is credited with
Rs.15000.00 PENSION. Thank you.
```

ಐದು ನಿಮಿಷದಲ್ಲಿ ಫೋನ್. ಪೆನ್ಷನ್ ಆಫೀಸಿನವನು ಅಂತ ಹೇಳಿಕೊಂಡನಂತೆ. ಮಾತು ಬಹಳ ನಯ. "ಯಜಮಾನ್ರೇ, 1,500 ಹಾಕೋದು ಹೋಗಿ ಒಂದು ಸೊನ್ನೆ ಜಾಸ್ತಿ ಬಿದ್ದಿದೆ. ನನ್ನ ನೌಕರಿ ಹೋಗುತ್ತೆ. ಉಳಿದ 13,500 ವಾಪಸ್ ಹಾಕಿಬಿಡಿ" ಅಂದನಂತೆ. ಅಪ್ಪ ಮೆಸೇಜ್ ತೆಗೆದು ನೋಡಿದರು. 15,000 ಅಂತಲೇ ಇತ್ತು. ಪರರ ರೊಕ್ಕ ನಮಗ್ಯಾಕೆ ಅಂತ ಅವನು ಕೊಟ್ಟ ನಂಬರಿಗೆ 13,500 ಕಳಿಸಿದರು. ಪಿನ್ ಒತ್ತಿದ್ದು ಅವರೇ.

ಮರುದಿನ ಸಂಜೆ ನನಗೆ ಫೋನ್ ಮಾಡಿ, "ತಮ್ಮಾ, ಪೆನ್ಷನ್ ಜಾಸ್ತಿ ಬಂದಿತ್ತು, ವಾಪಸ್ ಕೊಟ್ಟೀನಿ" ಅಂತ ಸಮಾಧಾನದಿಂದಲೇ ಹೇಳಿದರು. ನನ್ನ ಎದೆ ಧಸಕ್ ಅಂತು.

ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಒಂದು ದಿನ ತಡವಾಗಿತ್ತು. ದುಡ್ಡು ಆ ಖಾತೆಯಿಂದ ಅಷ್ಟರಲ್ಲೇ ಬೇರೆ ಕಡೆ ಹೋಗಿತ್ತು. ಮೊದಲ ಒಂದೆರಡು ತಾಸಿನಲ್ಲೇ ತಿಳಿಸಿದರೆ ಆ ಖಾತೆಯಲ್ಲಿ ದುಡ್ಡು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಬ್ಯಾಂಕಿನಲ್ಲಿ ಕೇಳಿದರೆ, ಖಾತೆದಾರರೇ ಪಿನ್ ಹಾಕಿ ಕಳಿಸಿದ್ದಾರೆ, ನಾವು ಭರಿಸಲು ಬರುವುದಿಲ್ಲ ಅಂದರು. ಮೂರು ದಿನದೊಳಗೆ ಹೇಳಿದರೆ ಬ್ಯಾಂಕೇ ಕೊಡುತ್ತದೆ ಅನ್ನುವ ಮಾತು ಕೇಳಿರುತ್ತೀರಿ. ರಿಸರ್ವ್ ಬ್ಯಾಂಕಿನ 2017ರ ಆ ನಿಯಮ ಇದ್ದದ್ದು ನಮಗೆ ಗೊತ್ತಿಲ್ಲದಂತೆ ಬೇರೆಯವರು ದುಡ್ಡು ಎಳೆದಾಗ. ನಾವೇ ಕೈಯಾರೆ ಕಳಿಸಿದ್ದಕ್ಕೆ ಅದು ಸಿಗಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಗುರುವಾರ ಶಹಾಬಾದಿಗೆ ಹೋಗಿ, ಟ್ರಂಕಿನ ತಳದಲ್ಲಿದ್ದ ಪಾಸ್‌ಬುಕ್ ಹುಡುಕಿ, ಬ್ಯಾಂಕಿನ ಮಷೀನಿನಲ್ಲಿ ಎಂಟ್ರಿ ಹಾಕಿಸಿದೆ. ಆಗ ಎರಡನೇ ಸಂಗತಿ ಹೊರಬಿತ್ತು. ಪೆನ್ಷನ್ ಎರಡು ತಿಂಗಳಿಂದ ಬಂದೇ ಇರಲಿಲ್ಲ!

ಶಹಾಬಾದಿ ಕಲ್ಲಿನ ಪಡಸಾಲೆಯಲ್ಲಿ ಅಪ್ಪನ ಪಕ್ಕ ಕೂತು ಸಾಲು ಸಾಲಾಗಿ ಓದಿದೆವು. ಡೆಬಿಟ್, ಕ್ರೆಡಿಟ್ ಅಂದರೆ ಅವರಿಗೆ ಪ್ರತಿ ಸಲವೂ ಅದಲು ಬದಲು. ಆದರೆ ಜೀವನವಿಡೀ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೋಡಿದವರು. ಹಾಗಾಗಿ ನಾನು ಪಾಸ್‌ಬುಕ್ಕಿನ ಮೇಲೆ ಪೆನ್ಸಿಲಿನಲ್ಲಿ ಖರ್ಚು, ಜಮಾ, ಶಿಲ್ಕು ಅಂತ ಬರೆದೆ. `Withdrawal` ಅಂತ ಇದ್ದದ್ದು ಖರ್ಚು, `Deposit` ಅಂತ ಇದ್ದದ್ದು ಜಮಾ, ಕೊನೆಯ `Balance` ಶಿಲ್ಕು. ಅರ್ಧ ತೊಡಕು ಅಲ್ಲೇ ಬಗೆಹರಿಯಿತು. ಕೆಲವು ಬ್ಯಾಂಕಿನ ಪುಸ್ತಕದಲ್ಲಿ ಶಿಲ್ಕಿನ ಮುಂದೆ `Cr` ಅಂತ ಇರುತ್ತದೆ. ಅಪ್ಪ ಅದನ್ನು ಕೋಟಿ ಅಂದುಕೊಂಡು ನಕ್ಕರು. ಖಾತೆಯಲ್ಲಿ ನಮ್ಮ ದುಡ್ಡು ಇದೆ ಅನ್ನುವುದಷ್ಟೇ ಅದರ ಅರ್ಥ. ಆ ಸಾಲಿನಲ್ಲಿ ಹೊಸದಾಗಿ ಜಮಾ ಆಗಿದೆ ಅಂತ ಅಲ್ಲ.

ಅವರ ಪುಸ್ತಕದ ಸಾಲುಗಳು ಹೀಗಿದ್ದವು. ನಮಗೆ ಬೇಕಾದಷ್ಟು ಮಾತ್ರ ಬರೆಯುತ್ತಿದ್ದೇನೆ. `+` ಇದ್ದದ್ದು ಜಮಾ, `-` ಇದ್ದದ್ದು ಖರ್ಚು, ಕೊನೆಯದು ಶಿಲ್ಕು. `UPI/CR` ಅಂದರೆ ಯುಪಿಐನಿಂದ ಬಂದದ್ದು, `UPI/DR` ಅಂದರೆ ಹೋದದ್ದು.

```
30-06-2025  EPFO       +2,160   15,830
14-07-2025  CASH       -3,000   12,830
02-08-2025  PM KISAN   +2,000   14,830
12-08-2025  UPI/CR     +3,000   17,830
25-08-2025  UPI/DR     -1,130   16,700
09-09-2025  UPI/DR    -13,500    3,200
```

ಮೊದಲು ಹುಡುಕಿದ್ದು, ಖಂಡಿತ ಪೆನ್ಷನ್ ಅಂತ ಗೊತ್ತಿರುವ ಹಳೇ ಸಾಲನ್ನು. ಜೂನ್ 30ರದ್ದು ಸಿಕ್ಕಿತು. ಅದನ್ನು ಕೆಂಪು ಪೆನ್ನಿನಿಂದ ಸುತ್ತು ಹಾಕಿದೆ. ಮೂರು ವಿಷಯ ಗಮನಿಸಿ ಅಂದೆ: ದಿನ ತಿಂಗಳ ಕೊನೆಯದು, ಹೆಸರು `EPFO` ಅಂದರೆ ಭವಿಷ್ಯ ನಿಧಿ ಸಂಸ್ಥೆ, ಮೊತ್ತ 2,160. ಮುಂದಿನ ಪೆನ್ಷನ್ ಈ ಸಾಲಿನ ಹಾಗೆ ಕಾಣಬೇಕು. ಹೆಸರು ಒಂದೊಂದು ಬ್ಯಾಂಕು ಒಂದೊಂದು ರೀತಿ ಅಚ್ಚು ಹಾಕುತ್ತದೆ. ಹಾಗಾಗಿ ನನ್ನ ಅಪ್ಪನ ಪುಸ್ತಕದ ಅಕ್ಷರ ನೋಡಿ ನಿಮ್ಮ ಮನೆಯವರ ಪುಸ್ತಕ ಓದಬೇಡಿ. ನಿಮ್ಮದೇ ಹಳೇ ಸಾಲನ್ನು ಅಳತೆಗೆ ಇಟ್ಟುಕೊಳ್ಳಿ.

ಈಗ ಜುಲೈ ಕೊನೆ ನೋಡಿ. ಅಂಥ ಸಾಲೇ ಇಲ್ಲ. ಅಪ್ಪ ಆಗಸ್ಟ್ 2ರ ಸಾಲಿನ ಮೇಲೆ ಬೆರಳಿಟ್ಟು, "ಇದೇ ನೋಡು, 160 ಕಡಿಮಿ ಹಾಕ್ಯಾರ ಅಂದ್ಕೊಂಡಿದ್ದೆ" ಅಂದರು. ಅದು ಪಿಎಂ ಕಿಸಾನ್ ಯೋಜನೆಯ 20ನೇ ಕಂತು. ಆವತ್ತೇ ದೇಶದಾದ್ಯಂತ ಬಿಡುಗಡೆ ಆಗಿತ್ತು. ಊರಿನಲ್ಲಿ ಅವರ ಹೆಸರಿಗೆ ಎರಡು ಎಕರೆ ತೊಗರಿ ಹೊಲ ಇದೆ. ಪೆನ್ಷನ್, ಕಿಸಾನ್ ಎರಡೂ ಒಂದೇ ಖಾತೆಗೆ ಬರುತ್ತವೆ. 2,000 ಮತ್ತು 2,160 ಅಂದರೆ ಕಣ್ಣಿಗೆ ಹತ್ತಿರ ಹತ್ತಿರ. ಹಾಗಾಗಿ ಮೊತ್ತ ಒಂದನ್ನೇ ನೋಡಿದರೆ ಸಾಲದು. ಹೆಸರೂ ನೋಡಬೇಕು. ಆಗಸ್ಟ್ 12ರ 3,000 ನಾನು ಕಳಿಸಿದ್ದು. ಅಂದರೆ ಜುಲೈ, ಆಗಸ್ಟ್ ಎರಡೂ ಖಾಲಿ.

ಆಮೇಲೆ ಶಿಲ್ಕಿನ ಲೆಕ್ಕ. ಇದು ಅವರಿಗೆ ಎಲ್ಲಕ್ಕಿಂತ ಬೇಗ ಹಿಡಿಸಿತು. 16,700 ಇದ್ದಾಗ ನಿಜವಾಗಿ 15,000 ಬಂದಿದ್ದರೆ ಶಿಲ್ಕು 31,700 ಆಗಬೇಕು. ಅದರಲ್ಲಿ 13,500 ಕಳಿಸಿದರೆ 18,200 ಉಳಿಯಬೇಕು. ಪುಸ್ತಕದಲ್ಲಿ ಇರುವುದು 3,200. ಅಪ್ಪ ಕಡ್ಡಿಯಿಂದ ನೆಲದ ಮೇಲೆ ಎರಡು ಸಲ ಲೆಕ್ಕ ಮಾಡಿದರು. ಆಮೇಲೆ ಮಾತಾಡಲಿಲ್ಲ. ಸ್ವಲ್ಪ ಹೊತ್ತು ನಾನೂ ಸುಮ್ನೆ ಕೂತೆ.

ಬೇಜಾರಿನ ಮಾತೆಂದರೆ, ಬ್ಯಾಂಕಿನ ನಿಜವಾದ ಮೆಸೇಜ್ ಆವತ್ತು ಅವರ ಫೋನಿಗೆ ಬಂದಿತ್ತು. 13,500 ಖರ್ಚಾಗಿದೆ, ಉಳಿದದ್ದು 3,200 ಅಂತ. ಅಪ್ಪ ಓದಿರಲಿಲ್ಲ. ಎರಡನ್ನೂ ಪಕ್ಕ ಪಕ್ಕ ತೋರಿಸಿದೆ. ಮೋಸದ ಮೆಸೇಜ್ ಬಂದದ್ದು ಹತ್ತು ಅಂಕಿಯ ಸಾದಾ ಮೊಬೈಲ್ ನಂಬರಿನಿಂದ. ಬ್ಯಾಂಕಿನದು ನಂಬರಿನಿಂದ ಬಂದಿರಲಿಲ್ಲ, ಅಕ್ಷರಗಳಿಂದ ಬಂದಿತ್ತು: ಎರಡಕ್ಷರ, ಗೀಟು, ಬ್ಯಾಂಕಿನ ಗುರುತು, ಮತ್ತೊಂದು ಗೀಟು, ಕೊನೆಗೆ `S`. ಕೊನೆಗೆ ಹೀಗೆ ಅಕ್ಷರ ಹಾಕುವುದು 2025ರಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ತಂದ ವ್ಯವಸ್ಥೆ. ಕೊನೆಯ ಅಕ್ಷರ `P` ಇದ್ದರೆ ಜಾಹೀರಾತು, `S` ಸೇವೆಯದು, `T` ವಹಿವಾಟಿನದು, `G` ಸರ್ಕಾರದ್ದು. ಬ್ಯಾಂಕಿನ ಮೆಸೇಜಿನಲ್ಲಿ ಖಾತೆಯ ಕೊನೆಯ ಅಂಕಿಗಳೂ ತಾರೀಖೂ ಇದ್ದವು. ಮೋಸದ್ದರಲ್ಲಿ ಎರಡೂ ಇರಲಿಲ್ಲ. ಯಾರ ಖಾತೆ ಅಂತ ಅವನಿಗೇ ಗೊತ್ತಿರಲಿಲ್ಲವಲ್ಲ! ಇಂಥ ಮೆಸೇಜನ್ನು ಸಿಕ್ಕಸಿಕ್ಕವರಿಗೆಲ್ಲ ಬಿಡುತ್ತಾರೆ. ನಮ್ಮಪ್ಪ ಕಾಯುತ್ತಿದ್ದರು, ಸಿಕ್ಕಿಬಿದ್ದರು.

ಆದರೂ ಈ ಗುರುತುಗಳನ್ನು ನಾನು ಎರಡನೇ ಸಾಲಿನಲ್ಲಿಡುತ್ತೇನೆ. 74 ವರ್ಷದವರಿಗೆ ಗೀಟು, ಅಕ್ಷರ ನೆನಪಿರುವುದಿಲ್ಲ. ಗುರುತನ್ನೇ ನಕಲು ಮಾಡುವ ಕಳ್ಳರೂ ಇದ್ದಾರೆ. ಇನ್ನೊಂದು ಕಡೆ, ನಿಜವಾಗಿ ಜಮಾ ಆದರೂ ಮೆಸೇಜ್ ಬಾರದೇ ಇರಬಹುದು. ಹಳೇ ನಂಬರ್ ಬ್ಯಾಂಕಿನಲ್ಲಿ ಉಳಿದಿದ್ದರೆ ಸಾಕು. ಹಾಗಾಗಿ ಅಪ್ಪನಿಗೆ ಹೇಳಿದ್ದು ಇಷ್ಟೇ: ಮೆಸೇಜ್ ಅಂದರೆ ಯಾರೋ ಬಾಗಿಲಲ್ಲಿ ನಿಂತು "ನಿಮ್ಮ ರೊಕ್ಕ ಬಂದದ" ಅಂತ ಕೂಗಿದ ಹಾಗೆ. ಬಂದಿದೆಯೋ ಇಲ್ಲವೋ ಅಂತ ಟ್ರಂಕ್ ತೆಗೆದು ನೋಡಬೇಕು. ಟ್ರಂಕ್ ಅಂದರೆ ಪಾಸ್‌ಬುಕ್, ಎಟಿಎಂನ ಮಿನಿ ಸ್ಟೇಟ್‌ಮೆಂಟ್, ಇಲ್ಲವೇ ಯುಪಿಐ ಆ್ಯಪಿನಲ್ಲಿ ಪಿನ್ ಹಾಕಿ ನೋಡುವ ಬ್ಯಾಲೆನ್ಸ್. ಯಾರಾದರೂ ಫೋನ್‌ನಲ್ಲಿ ಇದ್ದಾಗ ಏನನ್ನೂ ತೆಗೆಯಬಾರದು. ಮೊದಲು ಫೋನ್ ಇಡಬೇಕು. ಮತ್ತೆ, ತಪ್ಪಿ ಜಮಾ ಆದ ದುಡ್ಡನ್ನು ಯಾವ ಆಫೀಸಿನವರೂ ಒಬ್ಬರ ಮೊಬೈಲ್ ನಂಬರಿಗೆ ವಾಪಸ್ ಹಾಕಿಸಿಕೊಳ್ಳುವುದಿಲ್ಲ. ನಿಜವಾಗಿ ಬಂದಿದ್ದರೆ ಬ್ಯಾಂಕಿಗೆ ಹೋಗಿ ಬರೆದುಕೊಟ್ಟರೆ ಅವರೇ ನೋಡಿಕೊಳ್ಳುತ್ತಾರೆ.

ಇನ್ನು ನಿಂತ ಪೆನ್ಷನ್. ಕಾರಣ ಜೀವನ್ ಪ್ರಮಾಣ್, ಅಂದರೆ ಬದುಕಿದ್ದೇನೆ ಅನ್ನುವ ಪತ್ರ. ಸರ್ಕಾರಿ ನೌಕರರ ಪೆನ್ಷನ್ನಿಗೆ ನವೆಂಬರ್ ಅಂತ ಎಲ್ಲರಿಗೂ ಗೊತ್ತು. ಅಪ್ಪನೂ ನವೆಂಬರ್ ಅಂತಲೇ ಕಾಯುತ್ತಿದ್ದರು. ಭವಿಷ್ಯ ನಿಧಿಯ ಪೆನ್ಷನ್ನಿಗೆ ಹಾಗಿಲ್ಲ. ಯಾವ ದಿನ ಕೊಟ್ಟಿರೋ ಆ ದಿನದಿಂದ ಒಂದು ವರ್ಷ. ಅಪ್ಪ ಹಿಂದೆ ಕೊಟ್ಟದ್ದು 2024ರ ಜುಲೈನಲ್ಲಿ. 2025ರ ಜುಲೈಗೆ ಅದು ಮುಗಿದಿತ್ತು, ಪೆನ್ಷನ್ ನಿಂತಿತ್ತು. ಪಾಸ್‌ಬುಕ್ಕಿನಲ್ಲಿ ತಿಂಗಳ ಕೊನೆಯ ಸಾಲು ಕಾಣದಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಒಂದು ತಿಂಗಳು ಮಾತ್ರ ಬೇರೆ: ಮಾರ್ಚ್ ಪೆನ್ಷನ್ ಮಾರ್ಚ್ ಕೊನೆಗೆ ಬರುವುದಿಲ್ಲ, ಏಪ್ರಿಲ್ 1 ದಾಟಿದ ಮೇಲೆ ಬರುತ್ತದೆ. ಆಗ ಗಾಬರಿ ಬೇಡ.

ಅದೇ ಗುರುವಾರ, ಸೆಪ್ಟೆಂಬರ್ 11ರಂದು, ಊರಿನ ಸೇವಾ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಆಧಾರ್, ಪೆನ್ಷನ್ ಆದೇಶದ ಪಿಪಿಓ ನಂಬರ್, ಪಾಸ್‌ಬುಕ್, ಮೊಬೈಲ್ ಬೇಕಾದವು. ಸುಣ್ಣ, ಸಿಮೆಂಟ್ ಹಿಡಿದು ಸವೆದ ಬೆರಳು, ಅಚ್ಚು ಮೂಡಲಿಲ್ಲ. ಮುಖದ ಫೋಟೊ ತೆಗೆದು ಮುಗಿಸಿದರು.

ಸೆಪ್ಟೆಂಬರ್ ಕೊನೆಯ ದಿನ ಅಪ್ಪನಿಗೆ ಮೆಸೇಜ್ ಬಂದಿದೆ. ಅವರು ನನಗೆ ಹೇಳಲಿಲ್ಲ. ಅಕ್ಟೋಬರ್ 3ರಂದು ತಾವೇ ಬ್ಯಾಂಕಿಗೆ ಹೋಗಿ, ಮಷೀನಿನಲ್ಲಿ ಎಂಟ್ರಿ ಹಾಕಿಸಿ, ಅಲ್ಲಿಂದಲೇ ಫೋನ್ ಮಾಡಿದರು.

"ತಮ್ಮಾ, 30ನೇ ತಾರೀಖು ಅದ. ಇ, ಪಿ, ಎಫ್, ಓ ಅದ. ಜಮಾ 6,480. ಮೂರು ತಿಂಗಳದು ಒಮ್ಮೆಲೆ ಬಂದದ. ಮೊದಲು 3,200 ಇತ್ತು, ಈಗ ಶಿಲ್ಕು 9,680. ಲೆಕ್ಕ ಬರೊಬ್ಬರಿ ಅದ."

ಪಾಸ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ನಾನು ದಪ್ಪ ಅಕ್ಷರದಲ್ಲಿ ಒಂದು ತಾರೀಖು ಬರೆದಿಟ್ಟಿದ್ದೇನೆ: 11-09-2026.