ಎಸಿಯ ಸ್ವಿಂಗ್ ಪಟ್ಟಿ ನಿಂತಿದೆಯೇ? ಗ್ಯಾಸ್‌ಗೂ ಪಿಸಿಬಿಗೂ ದುಡ್ಡು ಕೊಡುವ ಮುನ್ನ ಇದನ್ನು ಓದಿ

ಕಲಬುರಗಿಯ ಒಂದು ಮನೆಯಲ್ಲಿ ಏಪ್ರಿಲ್ ಬಿಸಿಲಿನಲ್ಲಿ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ ಕೈಕೊಟ್ಟಿತು. ಕೋಣೆ ತಣ್ಣಗಾಗುತ್ತಿರಲಿಲ್ಲ, ಒಳಗಿನ ಯುನಿಟ್ಟಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬಂದ ಮೆಕ್ಯಾನಿಕ್ ಗೇಜ್ ಹಚ್ಚಿ ನೋಡಿ ಗ್ಯಾಸ್ ಕಡಿಮೆಯಾಗಿದೆ ಎಂದು ತುಂಬಿಸಿ ಹೋದ. ಸರಿಹೋಗಲಿಲ್ಲ. ಎರಡನೆಯವನು ಎಸಿಯನ್ನು ನಡೆಸುವ ಎಲೆಕ್ಟ್ರಾನಿಕ್ ಕಾರ್ಡ್, ಅಂದರೆ ಪಿಸಿಬಿ, ಸುಟ್ಟಿದೆ ಎಂದು ಹೊಸ ಕಾರ್ಡ್ ಹಾಕಿದ. ಆಗಲೂ ಸರಿಹೋಗಲಿಲ್ಲ. ಕೊನೆಗೆ ನೋಡಿದರೆ ಹಾಳಾಗಿದ್ದದ್ದು ಗಾಳಿಯ ಪಟ್ಟಿಯನ್ನು ಮೇಲೆ ಕೆಳಗೆ ಆಡಿಸುವ ಪುಟ್ಟ ಸ್ವಿಂಗ್ ಮೋಟಾರ್ ಒಂದೇ. ಕಾರ್ಡಿನ ಬೆಲೆ ಸಾವಿರಗಳಲ್ಲಿ, ಈ ಮೋಟಾರಿನ ಬೆಲೆ ನೂರುಗಳಲ್ಲಿ.

ಮೊದಲನೆಯವನು ಸುಳ್ಳು ಹೇಳಿದ ಎನ್ನಲಾಗದು. ಅವನ ಗೇಜ್ ಒತ್ತಡವನ್ನು ನಿಜಕ್ಕೂ ಕಡಿಮೆಯೇ ತೋರಿಸಿರುತ್ತದೆ. ಪಟ್ಟಿ ಮುಕ್ಕಾಲು ಮುಚ್ಚಿ ನಿಂತಾಗ ತಂಪು ಗಾಳಿ ಕೋಣೆಗೆ ಬರದೆ ಅಲ್ಲೇ ಸುತ್ತಿ, ಮೇಲಿನ ಫಿಲ್ಟರ್ ಮೂಲಕ ಮತ್ತೆ ಒಳಗೆ ಸೇರುತ್ತದೆ. ಅಲ್ಲಿರುವ ಸೆನ್ಸರ್ ಕೋಣೆ ತಂಪಾಯಿತೆಂದು ತಿಳಿದು ಕಂಪ್ರೆಸರನ್ನು ನಿಧಾನ ಮಾಡುತ್ತದೆ ಅಥವಾ ನಿಲ್ಲಿಸುತ್ತದೆ. ಗಾಳಿಯನ್ನು ತಂಪು ಮಾಡುವ ಒಳಗಿನ ಕಾಯಿಲಿನ ಮೇಲೆ ಸಾಕಷ್ಟು ಬೆಚ್ಚಗಿನ ಗಾಳಿ ಹಾಯದ ಕಾರಣ ಅದು ಅತಿಯಾಗಿ ತಣ್ಣಗಾಗಿ ಮಂಜು ಹಿಡಿಯುತ್ತದೆ, ಕಂಪ್ರೆಸರಿಗೆ ಮರಳುವ ಗ್ಯಾಸಿನ ಒತ್ತಡ, ಅಂದರೆ ಗೇಜ್ ತೋರಿಸುವ ಸಕ್ಷನ್ ಒತ್ತಡ, ಇಳಿಯುತ್ತದೆ. ಪಟ್ಟಿಗೆ ತಗುಲಿದ ತೇವ ಹನಿಗಟ್ಟಿ ಬೀಳುತ್ತದೆ. ಗ್ಯಾಸ್ ಸೋರಿದಾಗಲೂ ಹೆಚ್ಚುಕಡಿಮೆ ಇವೇ ಲಕ್ಷಣಗಳು. ಆದರೆ ಗ್ಯಾಸ್ ಸರಿಯಾಗಿಯೇ ಇರುವ ಯಂತ್ರಕ್ಕೆ ಮೇಲಿಂದ ಮತ್ತಷ್ಟು ತುಂಬಿದರೆ ಅದು ಅಳತೆ ಮೀರುತ್ತದೆ, ಆ ಭಾರ ಕಂಪ್ರೆಸರ್ ಮೇಲೆ ಬೀಳುತ್ತದೆ. ಆದ್ದರಿಂದ ಗೇಜ್ ಹಚ್ಚುವ ಮೊದಲು ಪಟ್ಟಿ ಪೂರ್ತಿ ತೆರೆದಿದೆಯೇ, ಫಿಲ್ಟರ್ ಶುಚಿಯಾಗಿದೆಯೇ ಎಂದು ನೋಡಿಸಿ. ಪಟ್ಟಿ ತೆರೆಯದಿದ್ದರೆ ಅದನ್ನು ಕಳಚಿಟ್ಟು ಅರ್ಧ ಗಂಟೆ ಓಡಿಸಿ. ಹಿಡಿದಿದ್ದ ಮಂಜು ಮೊದಲು ಪೂರ್ತಿ ಕರಗಿರಬೇಕು. ಆಮೇಲೆ ತಂಪು ಚೆನ್ನಾಗಿ ಬಂದರೆ ಗ್ಯಾಸಿನ ಮಾತೇ ಬೇಡ. ಪಟ್ಟಿ ಇಲ್ಲದಾಗ ಬ್ಲೋವರ್ ಕೈಗೆಟಕುವಂತಿರುತ್ತದೆ, ಮಕ್ಕಳನ್ನು ದೂರವಿಡಿ.

ಪಟ್ಟಿ ಕಳಚುವುದಕ್ಕೂ ಒಂದು ಕ್ರಮವಿದೆ. ಎಂಸಿಬಿ ಇಳಿಸಿ. ಮೊದಲು ನಡುವಿನ ಆಧಾರದ ಕ್ಲಿಪ್ ಬಿಡಿಸಿ, ಪಟ್ಟಿಯನ್ನು ನಿಧಾನವಾಗಿ ಬಿಲ್ಲಿನಂತೆ ಬಾಗಿಸಿ ಮೋಟಾರ್ ಇಲ್ಲದ ಬದಿಯ ಗೂಟದಂಥ ಗುಬ್ಬಿಯನ್ನು ಹೊರತೆಗೆಯಿರಿ, ಕೊನೆಗೆ ಮೋಟಾರ್ ಕಡೆಯಿಂದ ಎಳೆಯಿರಿ. ಹಳೆಯ ಪ್ಲಾಸ್ಟಿಕ್ ಹಪ್ಪಳದಂತೆ ಮುರಿಯುತ್ತದೆ, ಅವಸರ ಬೇಡ. ಪಟ್ಟಿ ಬಿಗಿಯಾಗಿದೆಯೆಂದು ಕೈಯಿಂದ ಒತ್ತಿ ತಿರುಗಿಸುವುದಂತೂ ಬೇಡವೇ ಬೇಡ. ಮೋಟಾರಿನೊಳಗೆ ಸರಿಸುಮಾರು 64 ಸುತ್ತಿಗೆ 1 ಸುತ್ತಿನಂತೆ ವೇಗ ಇಳಿಸುವ ಪ್ಲಾಸ್ಟಿಕ್ ಹಲ್ಲುಚಕ್ರಗಳಿವೆ. ಹೊರಗಿನಿಂದ ಬಲ ಹಾಕಿದರೆ ಸವೆದು ಮುರಿಯುವುದು ಅವೇ. ಎಷ್ಟೋ ಸ್ವಿಂಗ್ ಮೋಟಾರ್‌ಗಳು ಸಾಯುವುದು ಮನೆಯವರೇ ಪಟ್ಟಿ ತಿರುಗಿಸಲು ಹೋಗಿ.

ಪಟ್ಟಿ ತೆಗೆದ ಮೇಲೆ ಮತ್ತೆ ವಿದ್ಯುತ್ ಕೊಟ್ಟು, ರಿಮೋಟಿನಲ್ಲಿ ಸ್ವಿಂಗ್ ಒತ್ತಿ ಮೋಟಾರಿನ ಶಾಫ್ಟ್ ಮಾತ್ರ ನೋಡಿ. ಅದು ನಯವಾಗಿ ಅತ್ತಿತ್ತ ತಿರುಗಿದರೆ ಮೋಟಾರ್ ಆರೋಗ್ಯವಾಗಿದೆ, ತೊಂದರೆ ಪಟ್ಟಿಯ ಗುಬ್ಬಿ, ಕ್ಲಿಪ್ ಅಥವಾ ಕೂತ ಕೊಳೆಯದ್ದು. ನಡುಗುತ್ತಾ ನಿಂತಲ್ಲೇ ನಿಂತರೆ ಒಳಗಿನ ತಂತಿಯ ಒಂದು ಸುರುಳಿ ಕಡಿದಿರಬಹುದು. ಗುರ್ ಎನ್ನುವ ಸದ್ದಿದ್ದೂ ಶಾಫ್ಟ್ ತಿರುಗದಿದ್ದರೆ, ಇಲ್ಲವೇ ಬೆರಳಿಗೆ ಸಡಿಲವಾಗಿ ಸುತ್ತಿದರೆ, ಹಲ್ಲು ಹೋಗಿದೆ. ಸರಿಯಾದ ಮೋಟಾರಿನ ಶಾಫ್ಟ್ ಬೆರಳಿಗೆ ಗಟ್ಟಿಯಾಗಿ ಅಡ್ಡ ನಿಲ್ಲುತ್ತದೆ.

ಕಾರ್ಡ್ ಬದಲಿಸಲು ಒಪ್ಪುವ ಮೊದಲು ಮಲ್ಟಿಮೀಟರಿನ ಐದು ನಿಮಿಷದ ಪರೀಕ್ಷೆ ಕೇಳಿ ಮಾಡಿಸಿ. ಎಂಸಿಬಿ ಇಳಿಸಿ, ಕಾರ್ಡಿನಿಂದ ಸ್ವಿಂಗ್ ಮೋಟಾರಿನ ಐದು ತಂತಿಯ ಕನೆಕ್ಟರ್ ಎಳೆದು, ಮೀಟರನ್ನು ಓಮ್ ಮೇಲಿಡಿ. ಐದರಲ್ಲಿ ಒಂದು ಎಲ್ಲ ಸುರುಳಿಗಳಿಗೂ ಸಾಮಾನ್ಯವಾದ ತಂತಿ, ಸಾಧಾರಣವಾಗಿ ಕೆಂಪು. ಅದರಿಂದ ಉಳಿದ ನಾಲ್ಕಕ್ಕೂ ಒಂದೇ ಅಳತೆ ಬರಬೇಕು. 12 ವೋಲ್ಟಿನ ಮೋಟಾರುಗಳಲ್ಲಿ ಅದು ಮಾದರಿಗೆ ತಕ್ಕಂತೆ ಹೆಚ್ಚಾಗಿ 200ರಿಂದ 400 ಓಮ್ ನಡುವೆ ಇರುತ್ತದೆ. ಆ ನಾಲ್ಕರಲ್ಲಿ ಯಾವ ಎರಡರ ನಡುವೆ ಅಳೆದರೂ ಅದರ ದುಪ್ಪಟ್ಟು ಬರಬೇಕು. ಕಲಬುರಗಿಯ ಮೋಟಾರಿನಲ್ಲಿ ಮೂರು ತಂತಿಗಳು 200 ಓಮಿನ ಆಸುಪಾಸು ತೋರಿಸಿದವು, ನಾಲ್ಕನೆಯದರಲ್ಲಿ ಮೀಟರ್ `OL` ಎಂದಿತು. ಆ ಸುರುಳಿ ಕಡಿದಿತ್ತು. ಹೊಸ ಕಾರ್ಡ್ ಹಾಕಿದರೂ ಪಟ್ಟಿ ನಡುಗುತ್ತಲೇ ಇದ್ದದ್ದು ಇದರಿಂದಲೇ. ನಾಲ್ಕೂ ಸರಿಯಿದ್ದು ಶಾಫ್ಟ್ ಗಟ್ಟಿಯಾಗಿದ್ದರೂ ತಿರುಗದಿದ್ದರೆ ಮಾತ್ರ ಕಾರ್ಡಿನ ಕಡೆ ನೋಡಬೇಕು. ಅಲ್ಲಿಯೂ ಹೆಚ್ಚಾಗಿ ಹೋಗುವುದು ಮೋಟಾರ್ ನಡೆಸುವ ಯುಎಲ್‌ಎನ್ 2003 ಎಂಬ ಒಂದು ಚಿಪ್. ಕಾರ್ಡ್ ರಿಪೇರಿ ಬಲ್ಲವರು ಅದೊಂದನ್ನೇ ಬದಲಿಸಿ ಕೊಡುತ್ತಾರೆ.

ಈ ಮನೆಯವರ ಕಷ್ಟ ಅಲ್ಲಿಗೂ ಮುಗಿಯಲಿಲ್ಲ. `28BYJ-48` ಎಂಬ ಮಾದರಿಯ ಹೆಸರಿನಲ್ಲಿ ಹುಡುಕಿ ಆನ್‌ಲೈನಿನಲ್ಲಿ ಮೋಟಾರ್ ತರಿಸಿದರು. ನೋಡಲು ತದ್ರೂಪ, ಕನೆಕ್ಟರ್ ಕೂಡ ಕೂತಿತು. ಸ್ವಿಂಗ್ ಹಾಕಿಟ್ಟು ಮಲಗಿದ ರಾತ್ರಿಯೇ ಅದು ಕೈ ಇಡಲಾಗದಷ್ಟು ಕಾದು ನಿಂತಿತು. ಅದೇ ಹೆಸರಿನಲ್ಲಿ 5 ವೋಲ್ಟಿನದ್ದೂ 12 ವೋಲ್ಟಿನದ್ದೂ ಸಿಗುತ್ತವೆ. ಬೆಂಗಳೂರಿನ ಎಸ್‌.ಪಿ. ರೋಡಿನಂಥ ಕಡೆ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆಂದು ಮಾರುವುದು ಹೆಚ್ಚಾಗಿ 5 ವೋಲ್ಟಿನದು. ಅದರ ಸುರುಳಿ ಸುಮಾರು 50 ಓಮ್. ಎಸಿ ಕಾರ್ಡಿನ 12 ವೋಲ್ಟ್ ಅದಕ್ಕೆ ಸಿಕ್ಕರೆ ಪ್ರತಿ ಸುರುಳಿಯಲ್ಲಿ 0.24 ಆಂಪಿಯರ್ ಹರಿಯುತ್ತದೆ. 200 ಓಮಿನ ಸರಿಯಾದ ಮೋಟಾರಿನಲ್ಲಿ ಹರಿಯುವುದು 0.06 ಮಾತ್ರ. ಬಿಸಿಯೂ ನಾಲ್ಕು ಪಟ್ಟು, ಚಿಪ್ ಮೇಲಿನ ಹೊರೆಯೂ ನಾಲ್ಕು ಪಟ್ಟು. ಮೋಟಾರಿನ ಬೆನ್ನ ಮೇಲಿನ ಚೀಟಿಯಲ್ಲಿ 12 ವೋಲ್ಟ್ ಎಂದಿದೆಯೇ ನೋಡಿ, ಚೀಟಿ ನಂಬದೆ ಹಾಕುವ ಮುನ್ನ ಓಮ್ ಅಳೆಯಿರಿ. ಶಾಫ್ಟಿನ ಆಕಾರ, ಸ್ಕ್ರೂ ತೂತಿನ ಅಂತರ, ತಂತಿಯ ಬಣ್ಣಗಳ ಸಾಲು ಹಳೆಯದರಂತೆಯೇ ಇರಬೇಕು. ಸಾಲು ಬೇರೆಯಿದ್ದರೆ ಪಟ್ಟಿ ಉಲ್ಟಾ ಓಡುತ್ತದೆ ಅಥವಾ ನಡುಗುತ್ತದೆ. ಹಳೆಯ ಮೋಟಾರನ್ನು ಜೊತೆಗೇ ಒಯ್ದು ತೋರಿಸಿ ತರುವುದು ಎಲ್ಲಕ್ಕಿಂತ ಕ್ಷೇಮ.

ಹೊಸದನ್ನು ಎರಡು ಸ್ಕ್ರೂನಲ್ಲಿ ಕೂರಿಸಿ, ತಂತಿಯನ್ನು ನೀರಿನ ತಟ್ಟೆಯಿಂದಲೂ ಬ್ಲೋವರ್‌ನಿಂದಲೂ ದೂರ ಹಾಯಿಸಿ, ಶಾಫ್ಟ್ ಯಾವ ಕೋನದಲ್ಲಿದೆಯೋ ಅದಕ್ಕೇ ಪಟ್ಟಿಯನ್ನು ಹೊಂದಿಸಿ ಸೇರಿಸಿ. ಶಾಫ್ಟನ್ನು ತಿರುಗಿಸಿ ಸರಿಮಾಡಲು ಹೋಗಬೇಡಿ. ಪಟ್ಟಿ ಎಲ್ಲಿದೆ ಎಂದು ತಿಳಿಸುವ ಸೆನ್ಸರ್ ಸಾಮಾನ್ಯವಾಗಿ ಇದರಲ್ಲಿ ಇರುವುದಿಲ್ಲ. ಹಾಗಾಗಿ ವಿದ್ಯುತ್ ಬಂದೊಡನೆ ಕಾರ್ಡ್ ಪಟ್ಟಿಯನ್ನು ಮುಚ್ಚುವ ದಿಕ್ಕಿಗೆ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಓಡಿಸುತ್ತದೆ. ಅದು ಅಂಚಿಗೆ ತಾಗಿ ನಿಂತ ಜಾಗವನ್ನೇ ಸೊನ್ನೆ ಎಂದು ಎಣಿಸಿಕೊಳ್ಳುತ್ತದೆ. ಆಗ ಕೆಲವು ಸೆಕೆಂಡು ಟಕಟಕ ಸದ್ದು ಬರುವುದು ಸಹಜ. ಮೊದಲ ಸಲ ಪೂರ್ತಿ ಮುಚ್ಚದಿದ್ದರೆ ಎಂಸಿಬಿ ಇಳಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಏರಿಸಿ. ಆ ಸದ್ದು ಮುಗಿದ ಮೇಲೂ ಸ್ವಿಂಗ್ ಹೊತ್ತಿನಲ್ಲಿ ಟಕಟಕ ಮುಂದುವರಿದರೆ ಪಟ್ಟಿ ಎಲ್ಲೋ ಸಿಕ್ಕಿಕೊಂಡಿದೆ, ತಕ್ಷಣ ನಿಲ್ಲಿಸಿ ನಡುವಿನ ಕ್ಲಿಪ್ ಸರಿಯಾಗಿ ಕೂತಿದೆಯೇ ನೋಡಿ.